ಕಿರಿಯ ಗೇಮ್‌ಪ್ಲೇ ಪ್ರೋಗ್ರಾಮರ್ ಹುದ್ದೆಗೆ ಅರ್ಜಿ ಪತ್ರ

ಇಂದ:
ವೀರೇಶ
ಗಂಗಾವತಿ, ಕೊಪ್ಪಳ ಜಿಲ್ಲೆ

ಗೆ:
ನೇಮಕಾತಿ ಮುಖ್ಯಸ್ಥರು
ಗೇಮ್ ಅಭಿವೃದ್ಧಿ ವಿಭಾಗ, ಬೆಂಗಳೂರು

ದಿನಾಂಕ: 9 ಜೂನ್ 2025

ವಿಷಯ: ಕಿರಿಯ ಗೇಮ್‌ಪ್ಲೇ ಪ್ರೋಗ್ರಾಮರ್ ಹುದ್ದೆಗೆ ಅರ್ಜಿ

ಮಾನ್ಯರೇ,

ತಮ್ಮ ಸ್ಟುಡಿಯೋ ಪ್ರಕಟಿಸಿರುವ ಕಿರಿಯ ಗೇಮ್‌ಪ್ಲೇ ಪ್ರೋಗ್ರಾಮರ್ ಹುದ್ದೆಗೆ ಈ ಅರ್ಜಿಯನ್ನು ಸಲ್ಲಿಸುತ್ತಿದ್ದೇನೆ. ಅರ್ಜಿಯನ್ನು ಕನ್ನಡದಲ್ಲಿಯೂ ಕಳುಹಿಸಬಹುದೆಂದು ತಾವು ತಿಳಿಸಿರುವುದರಿಂದ ಕನ್ನಡದಲ್ಲೇ ಬರೆದಿದ್ದೇನೆ. ನಾನು ಬಿ.ಕಾಂ. ಪದವೀಧರ. ಪ್ರೋಗ್ರಾಮಿಂಗನ್ನು ಯಾವ ಕಾಲೇಜಿನಲ್ಲಿಯೂ ಕಲಿತವನಲ್ಲ. ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಕಂಪ್ಯೂಟರ್ ಮತ್ತು ಲೆಕ್ಕಪತ್ರದ ಕೆಲಸ ಮಾಡುತ್ತ, ಸಂಜೆಯ ಹೊತ್ತು ಸ್ವಂತವಾಗಿ ಕಲಿತವನು. ಪದವಿಗಿಂತ ಆಡಿ ನೋಡಬಹುದಾದ ಕೆಲಸವನ್ನೇ ಮುಖ್ಯವಾಗಿ ಪರಿಗಣಿಸುವುದಾಗಿ ತಮ್ಮ ಪ್ರಕಟಣೆಯಲ್ಲಿದೆ. ಅಂಥ ಕೆಲಸ ನನ್ನಲ್ಲಿ ಮೂರು ಇವೆ.

ಮೂರು ಕಡಿಮೆಯೆಂಬುದು ನನಗೂ ತಿಳಿದಿದೆ. ಕಲಿಯುವಾಗ ವಿಡಿಯೋ ಪಾಠಗಳನ್ನು ನೋಡಿ ಮಾಡಿದ ಗುಂಡು ಹಾರಿಸುವ ಆಟ, ಓಟದ ಆಟ, ಇಟ್ಟಿಗೆ ಒಡೆಯುವ ಆಟ ಮುಂತಾದವು ಇನ್ನೂ ಕೆಲವಿದ್ದರೂ, ಅವುಗಳಲ್ಲಿ ಯೋಚನೆ ಪಾಠ ಹೇಳಿದವರದು, ಕೈ ಮಾತ್ರ ನನ್ನದು. ಆದ್ದರಿಂದ ಅವನ್ನು ಪೋರ್ಟ್‌ಫೋಲಿಯೋದಿಂದ ಹೊರಗಿಟ್ಟಿದ್ದೇನೆ. ಉಳಿದ ಮೂರರಲ್ಲಿ ಯಾವ ಸಾಲಿನ ಮೇಲೆ ಬೆರಳಿಟ್ಟು ಏಕೆ ಹೀಗೆ ಬರೆದಿರಿ ಎಂದು ಕೇಳಿದರೂ ನನ್ನಲ್ಲಿ ಕಾರಣವಿದೆ.

ಮೊದಲನೆಯದು ಯೂನಿಟಿಯಲ್ಲಿ ಸಿ ಶಾರ್ಪ್ ಬಳಸಿ ಮಾಡಿದ ‘ಹರಿಗೋಲು’ ಎಂಬ ಮೊಬೈಲ್ ಆಟ. ಆನೆಗೊಂದಿಯ ಬಳಿ ತುಂಗಭದ್ರೆಯನ್ನು ದಾಟುವ ದುಂಡನೆಯ ಹರಿಗೋಲನ್ನು ಬಂಡೆಗಳ ನಡುವಿನಿಂದ ಆಚೆ ದಡಕ್ಕೆ ಒಯ್ಯುವುದಷ್ಟೇ ಅದರಲ್ಲಿರುವ ಕೆಲಸ. ಆಟ ಸಣ್ಣದಾದರೂ ಅದರ ನಿಯಂತ್ರಣ ಸುಲಭದ್ದಾಗಿರಲಿಲ್ಲ. ಉದ್ದನೆಯ ದೋಣಿಗೆ ಮುಂದೆ ಹಿಂದೆ ಎಂಬುದಿದ್ದು, ನೀರು ಅದನ್ನು ಅಡ್ಡಡ್ಡ ಸರಿಯದಂತೆ ತಡೆಯುತ್ತದೆ. ಹರಿಗೋಲಿಗೆ ಎಲ್ಲ ದಿಕ್ಕಿನಿಂದಲೂ ಒಂದೇ ತಡೆ. ಹುಟ್ಟು ಅಂಚಿನಲ್ಲಿ ಎಲ್ಲಿ ಬಿದ್ದರೂ ಚಲನೆಯ ಜೊತೆಗೆ ತಿರುಗುವಿಕೆಯೂ ಹುಟ್ಟಿಕೊಳ್ಳುತ್ತದೆ. ಇದನ್ನು ಭೌತಶಾಸ್ತ್ರಕ್ಕೆ ಪೂರ್ತಿ ನಿಷ್ಠವಾಗಿ ಬರೆದರೆ ಆಡುವವರಿಗೆ ತಲೆ ತಿರುಗುತ್ತದೆ, ತಿರುಗುವಿಕೆಯನ್ನು ತೆಗೆದುಹಾಕಿದರೆ ಅದು ಹರಿಗೋಲಾಗಿ ಉಳಿಯುವುದಿಲ್ಲ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕೆಂಬ ನಿರ್ಧಾರವೇ ಗೇಮ್‌ಪ್ಲೇ ಪ್ರೋಗ್ರಾಮರ್‌ನ ಕೆಲಸದ ತಿರುಳೆಂದು ನಾನು ಭಾವಿಸಿದ್ದೇನೆ.

ನಾನು ಮಾಡಿದ್ದು ಹೀಗೆ. ನದಿಯ ನೀರಿನ ಹರಿವನ್ನು ಚೌಕಗಳ ಜಾಲವಾಗಿ ಇಟ್ಟುಕೊಂಡು, ಪ್ರತಿ ಚೌಕಕ್ಕೂ ಹರಿವಿನ ದಿಕ್ಕು ಮತ್ತು ವೇಗವನ್ನು ಕೊಟ್ಟು, ಹರಿಗೋಲು ಇರುವ ಜಾಗದ ಬೆಲೆಯನ್ನು ಸುತ್ತಲಿನ ನಾಲ್ಕು ಚೌಕಗಳಿಂದ ಲೆಕ್ಕ ಹಾಕುತ್ತೇನೆ. ನೀರಿನ ತಡೆ ಹರಿಗೋಲಿನ ವೇಗವನ್ನಲ್ಲ, ನೀರಿಗೂ ಹರಿಗೋಲಿಗೂ ಇರುವ ವೇಗದ ವ್ಯತ್ಯಾಸವನ್ನು ಅವಲಂಬಿಸುತ್ತದೆ. ಆದ್ದರಿಂದ ಹುಟ್ಟು ಹಾಕದೆ ಸುಮ್ಮನಿದ್ದರೆ ಹರಿಗೋಲು ಮೆಲ್ಲನೆ ಹರಿವಿನ ವೇಗಕ್ಕೆ ಬಂದು ತೇಲಿಹೋಗುತ್ತದೆ. ಇದಕ್ಕಾಗಿ ಬೇರೆ ವಿಶೇಷ ಕೋಡ್ ಬರೆಯಬೇಕಾಗಲಿಲ್ಲ.

```csharp
Vector2 relative = body.linearVelocity - flow.Sample(body.position);
body.AddForce(-drag * relative);
body.AddTorque(-spinDrag * body.angularVelocity);
```

ಮೂರನೆಯ ಸಾಲಿನ `spinDrag` ಬೆಲೆಯನ್ನು ನಿಜವಾದ ಹರಿಗೋಲಿಗೆ ಇರಬಹುದಾದುದಕ್ಕಿಂತ ಉದ್ದೇಶಪೂರ್ವಕವಾಗಿಯೇ ಹೆಚ್ಚಿಗೆ ಇಟ್ಟಿದ್ದೇನೆ. ಹರಿಗೋಲು ತಿರುಗಿದರೂ ಕ್ಯಾಮೆರಾ ತಿರುಗುವುದಿಲ್ಲ; ದಡ ಪರದೆಯ ಮೇಲೆ ಸದಾ ಒಂದೇ ಕಡೆ ಇದ್ದರೆ ಆಡುವವರಿಗೆ ದಿಕ್ಕು ತಪ್ಪುವುದಿಲ್ಲ. ಆನೆಗೊಂದಿಯ ಅಂಬಿಗರೊಬ್ಬರ ಕೈಗೆ ಫೋನ್ ಕೊಟ್ಟು ಆಡಿಸಿದಾಗ ಅವರು, ಹರಿಗೋಲಿನಲ್ಲಿ ಹುಟ್ಟನ್ನು ಹಿಂದಿನಿಂದ ತಳ್ಳುವುದಿಲ್ಲ, ಮುಂದೆ ಹಾಕಿ ನೀರನ್ನು ತಮ್ಮ ಕಡೆಗೆ ಎಳೆದುಕೊಳ್ಳಬೇಕು ಎಂದರು. ಅದರಂತೆ ಬಲ ಬೀಳುವ ಬಿಂದುವನ್ನು ಮುಂದಿನ ಅಂಚಿಗೆ ಸರಿಸಿದ ಮೇಲೆ ಎಡ ಬಲಗಳ ಹಿಡಿತ ಎಷ್ಟೋ ಸಹಜವಾಯಿತು. ಅವರ ಆಕ್ಷೇಪಣೆಗಳಲ್ಲಿ ಎಲ್ಲವನ್ನೂ ನಾನು ಒಪ್ಪಲಿಲ್ಲವೆಂಬುದನ್ನೂ ಹೇಳಬೇಕು. ಬಂಡೆಗೆ ತಾಗಿದ ಹರಿಗೋಲು ಅಷ್ಟು ಹಗುರಾಗಿ ಪುಟಿಯುವುದಿಲ್ಲ ಎಂಬ ಅವರ ಮಾತು ನಿಜವೇ. ಆದರೆ ಪುಟಿಯದಿದ್ದರೆ ಆಡುವವರು ಬಂಡೆಯ ಬಳಿಯೇ ಸಿಕ್ಕಿಕೊಂಡು ಬೇಸರಪಡುತ್ತಾರೆ.

ಫ್ರೇಮ್ ವೇಗ ಎಷ್ಟೇ ಇರಲಿ, ಆಟದ ವರ್ತನೆ ಒಂದೇ ಆಗಿರಬೇಕೆಂಬುದರ ಕಡೆಗೂ ಗಮನ ಕೊಟ್ಟಿದ್ದೇನೆ. ಬಲಗಳ ಲೆಕ್ಕವೆಲ್ಲ `FixedUpdate` ಒಳಗೆ, 0.02 ಸೆಕೆಂಡಿನ ನಿಗದಿತ ಹೆಜ್ಜೆಯಲ್ಲಿ ನಡೆಯುತ್ತದೆ; ಬೆರಳಿನ ಒತ್ತುವಿಕೆಯನ್ನು ಮಾತ್ರ `Update` ಒಳಗೆ ಓದಿ, ಮುಂದಿನ ಹೆಜ್ಜೆಯವರೆಗೆ ಹಿಡಿದಿಟ್ಟುಕೊಳ್ಳುತ್ತೇನೆ, ಇಲ್ಲವಾದರೆ ಚುರುಕಾದ ಒತ್ತುವಿಕೆಗಳು ತಪ್ಪಿಹೋಗಬಹುದು. ಎರಡು ಹೆಜ್ಜೆಗಳ ನಡುವೆ ಚಿತ್ರ ಅದುರದಂತೆ ರಿಜಿಡ್‌ಬಾಡಿಯ ಇಂಟರ್‌ಪೊಲೇಷನ್ ಬಳಸಿದ್ದೇನೆ. ನೊರೆ ಮತ್ತು ನೀರಿನ ಹನಿಗಳನ್ನು ಪ್ರತಿ ಸಲ ಹೊಸದಾಗಿ ಸೃಷ್ಟಿಸದೆ ಆಬ್ಜೆಕ್ಟ್ ಪೂಲ್‌ನಿಂದ ತೆಗೆದು ಮರುಬಳಸುವುದರಿಂದ, ಆಟದ ಮಧ್ಯೆ ಗಾರ್ಬೇಜ್ ಕಲೆಕ್ಟರ್ ಓಡಿ ತಡೆಯಾಗುವುದು ಬಹುಮಟ್ಟಿಗೆ ತಪ್ಪಿದೆ. ಇದನ್ನು ಊಹೆಯಿಂದ ಹೇಳುತ್ತಿಲ್ಲ. ಗಿರಣಿಯ ಹಮಾಲರ ಮತ್ತು ಲಾರಿ ಚಾಲಕರ ಹಳೆಯ ಆಂಡ್ರಾಯ್ಡ್ ಫೋನ್‌ಗಳಲ್ಲಿ ಪ್ರೊಫೈಲರ್ ಜೋಡಿಸಿ ನೋಡಿದ್ದೇನೆ.

ಎರಡನೆಯದು ಗೋಡೋ ಎಂಜಿನ್‌ನಲ್ಲಿ ಮಾಡಿದ, ಬೆಟ್ಟ ಹತ್ತುವ ಒಂದು ಚಿಕ್ಕ ಪ್ಲಾಟ್‌ಫಾರ್ಮರ್. ಇದರಲ್ಲಿ ನೆಗೆತವೊಂದನ್ನು ಬಿಟ್ಟರೆ ಹೇಳಿಕೊಳ್ಳುವಂಥದ್ದಿಲ್ಲ. ನೆಗೆತಕ್ಕಾಗಿಯೇ ಅದನ್ನು ಇಲ್ಲಿ ಸೇರಿಸಿದ್ದೇನೆ. ಗುರುತ್ವಬಲಕ್ಕೆ ಕೈಗೆ ಬಂದ ಸಂಖ್ಯೆ ಹಾಕಿ ನೋಡುತ್ತ ಹೋಗುವ ಬದಲು, ನೆಗೆತದ ಎತ್ತರ ಮತ್ತು ತುದಿ ಮುಟ್ಟಲು ಬೇಕಾದ ಸಮಯವನ್ನು ಡಿಸೈನರ್ ಕೊಟ್ಟರೆ ಉಳಿದದ್ದನ್ನು ಕೋಡ್ ಲೆಕ್ಕ ಹಾಕುತ್ತದೆ. ಎತ್ತರ 3 ಮಾನ, ಸಮಯ 0.4 ಸೆಕೆಂಡ್ ಎಂದುಕೊಂಡರೆ ಗುರುತ್ವ 37.5, ಆರಂಭದ ವೇಗ 15 ಆಗುತ್ತದೆ. ಅಂಚಿನಿಂದ ಕಾಲು ಜಾರಿದ ಮೇಲೂ 0.1 ಸೆಕೆಂಡಿನವರೆಗೆ ನೆಗೆಯಲು ಅವಕಾಶವಿದೆ. ನೆಲ ಮುಟ್ಟುವ ಸ್ವಲ್ಪ ಮೊದಲೇ ಗುಂಡಿ ಒತ್ತಿದ್ದರೂ ಆ ಒತ್ತುವಿಕೆ ವ್ಯರ್ಥವಾಗುವುದಿಲ್ಲ. ಆಡುವವರಿಗೆ ಇವು ಕಾಣಿಸುವುದಿಲ್ಲ, ಆದರೆ ಇವನ್ನು ತೆಗೆದುಹಾಕಿದ ಪ್ರತಿಯನ್ನು ಕೊಟ್ಟಾಗ ಆಟ ಮಾತು ಕೇಳುವುದಿಲ್ಲ ಎಂದು ದೂರುತ್ತಾರೆ. ಎರಡೂ ಪ್ರತಿಗಳನ್ನು ಕಡತದಲ್ಲಿ ಇಟ್ಟಿದ್ದೇನೆ, ತಾವು ಆಡಿ ಹೋಲಿಸಬಹುದು.

ಮೂರನೆಯದು ಚೌಕಾಬಾರ. ನಮ್ಮ ಕಡೆ ಈ ಆಟದ ನಿಯಮ ಮನೆಯಿಂದ ಮನೆಗೆ ಬದಲಾಗುತ್ತದೆ: ಒಂದು ಮನೆಯಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ, ಇನ್ನೊಂದು ಮನೆಯಲ್ಲಿ ಆ ಕಟ್ಟಳೆಯೇ ಇಲ್ಲ. ಆದ್ದರಿಂದ ನಿಯಮಗಳನ್ನು ಕೋಡಿನಲ್ಲಿ ಹುದುಗಿಸದೆ ಸ್ಕ್ರಿಪ್ಟಬಲ್ ಆಬ್ಜೆಕ್ಟ್‌ಗಳಲ್ಲಿ ಇಟ್ಟಿದ್ದೇನೆ. ಸರದಿಯ ಹಂತಗಳನ್ನು ಸ್ಟೇಟ್ ಮಷಿನ್ ನೋಡಿಕೊಳ್ಳುತ್ತದೆ, ಮತ್ತು ನಿಯಮದ ಭಾಗ ಯೂನಿಟಿಯ ದೃಶ್ಯಗಳಿಂದ ಪ್ರತ್ಯೇಕವಾಗಿರುವುದರಿಂದ ಅದಕ್ಕೆ ಯೂನಿಟ್ ಟೆಸ್ಟ್‌ಗಳಿವೆ. ಈ ಆಟದಲ್ಲಿ ಕನ್ನಡ ಅಕ್ಷರಗಳಿಗೆ ನಾನು ಕಂಡುಕೊಂಡ ದಾರಿ ತಾತ್ಕಾಲಿಕವಾದದ್ದು. ನಾನು ಬಳಸಿದ ಟೆಕ್ಸ್ಟ್‌ಮೆಶ್ ಪ್ರೊದಲ್ಲಿ ಒತ್ತಕ್ಷರಗಳು ಸರಿಯಾಗಿ ಕೂಡುವುದಿಲ್ಲವಾದ್ದರಿಂದ, ಇರುವ ಕೆಲವೇ ಸಾಲುಗಳನ್ನು ಚಿತ್ರಗಳಾಗಿ ಮಾಡಿ ಸೇರಿಸಿದ್ದೇನೆ. ಗೋಡೋ 4ರಲ್ಲಿ ಈ ತೊಂದರೆ ಇಲ್ಲ. ತಮ್ಮ ಆಟಗಳು ಕನ್ನಡದಲ್ಲಿಯೂ ಬರುವುದರಿಂದ ಇದನ್ನು ತಾವು ಹೇಗೆ ನಿಭಾಯಿಸಿದ್ದೀರೆಂದು ತಿಳಿಯುವ ಕುತೂಹಲ ನನಗಿದೆ.

ಗಿರಣಿಯ ಕೆಲಸವನ್ನು ಸ್ವವಿವರದಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದರೂ, ಅದರ ಒಂದು ಭಾಗ ಈ ಹುದ್ದೆಗೆ ಸಂಬಂಧಿಸಿದ್ದು. ಭತ್ತದ ಲಾರಿಗಳನ್ನು ತೂಗುವ ಕಾಟಾದ ಇಂಡಿಕೇಟರ್‌ನಿಂದ ಸೀರಿಯಲ್ ಪೋರ್ಟ್ ಮೂಲಕ ಬರುವ ತೂಕವನ್ನು ಓದಿ ಚೀಟಿ ಮುದ್ರಿಸುವ ಪ್ರೋಗ್ರಾಮನ್ನು ಸಿ ಶಾರ್ಪ್‌ನಲ್ಲಿ ನಾನೇ ಬರೆದಿದ್ದು, ಅದು ಈಗಲೂ ನಿತ್ಯ ಬಳಕೆಯಲ್ಲಿದೆ. ಲಾರಿ ಕಾಟಾದ ಮೇಲೆ ಬಂದು ನಿಂತ ಮೇಲೂ ಅಂಕಿ ಕೆಲಹೊತ್ತು ಏರಿಳಿಯುತ್ತದೆ. ಯಾವಾಗ ತೂಕ ನಿಂತಿತೆಂದು ಪ್ರೋಗ್ರಾಮೇ ನಿರ್ಧರಿಸಬೇಕು. ಅವಸರದಲ್ಲಿ ನಿರ್ಧರಿಸಿದರೆ ರೈತರಿಗೋ ಗಿರಣಿಗೋ ನಷ್ಟ, ತಡಮಾಡಿದರೆ ಸುಗ್ಗಿಯ ದಿನಗಳಲ್ಲಿ ಗೇಟಿನಾಚೆ ಲಾರಿಗಳ ಸಾಲು. ನಾನು ಬರೆದ ಪ್ರೋಗ್ರಾಮನ್ನು ಕಂಪ್ಯೂಟರ್ ಗೊತ್ತಿಲ್ಲದವರು ಅವಸರದಲ್ಲಿ, ಧೂಳಿನ ಕೈಯಲ್ಲಿ ಬಳಸುವುದನ್ನು ಎದುರಿಗೇ ಕುಳಿತು ನೋಡಿದ ಅನುಭವ ನನಗೆ ಅಲ್ಲಿ ದೊರೆತಿದೆ.

ನನಗೆ ಬಾರದ್ದನ್ನೂ ಇಲ್ಲಿಯೇ ತಿಳಿಸುವುದು ಸರಿ. ಸಿ ಪ್ಲಸ್ ಪ್ಲಸ್‌ನಲ್ಲಿ ನನ್ನದು ಪ್ರಾಥಮಿಕ ಜ್ಞಾನ ಮಾತ್ರ. ಶೇಡರ್‌ಗಳನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲೆ, ಹೊಸದಾಗಿ ಬರೆದಿಲ್ಲ. ಅನೇಕರು ಒಟ್ಟಿಗೆ ಆಡುವ ನೆಟ್‌ವರ್ಕ್ ಆಟಗಳ ಕೆಲಸ ಮಾಡಿಲ್ಲ. ಮೂರೂ ಆಟಗಳ ಇತಿಹಾಸ ಗಿಟ್‌ನಲ್ಲಿದ್ದರೂ ಅಲ್ಲಿ ಕಾಣುವುದು ನನ್ನ ಒಬ್ಬನ ಹೆಸರೇ. ನಾನು ಬರೆದ ಕೋಡನ್ನು ಅನುಭವಿಗಳೊಬ್ಬರು ಓದಿ ತಿದ್ದುವ ಅವಕಾಶ ಇದುವರೆಗೆ ಒದಗಿಲ್ಲ. ಒಬ್ಬನೇ ಕಲಿಯುವವನಿಗೆ ಇಂಟರ್‌ನೆಟ್ಟಿನಲ್ಲಿ ಉತ್ತರಗಳು ಬೇಕಾದಷ್ಟು ಸಿಗುತ್ತವೆ, ಪ್ರಶ್ನೆಯೇ ಸರಿಯಿಲ್ಲ ಎಂದು ಹೇಳುವವರು ಸಿಗುವುದಿಲ್ಲ. ಪ್ರತಿ ಬದಲಾವಣೆಯನ್ನೂ ಇನ್ನೊಬ್ಬರು ಪರಿಶೀಲಿಸಿದ ಮೇಲೆಯೇ ಸೇರಿಸಲಾಗುವುದು ಎಂದು ತಮ್ಮ ಪ್ರಕಟಣೆಯಲ್ಲಿ ಬರೆದಿರುವುದೇ ನಾನು ಈ ಅರ್ಜಿ ಹಾಕಲು ಮುಖ್ಯ ಕಾರಣ.

ಪರೀಕ್ಷೆಯ ರೂಪದಲ್ಲಿ ಯಾವುದಾದರೂ ಕೆಲಸ ಕೊಟ್ಟರೆ ಮಾಡಿಕೊಡಲು ಸಿದ್ಧನಿದ್ದೇನೆ. ಹೊಸದನ್ನು ಕಟ್ಟುವ ಬದಲು, ತಮ್ಮಲ್ಲಿ ಕೈಬಿಟ್ಟ ಯಾವುದಾದರೂ ಪ್ರೋಟೋಟೈಪನ್ನು ಕೊಟ್ಟು ಅದರ ನಿಯಂತ್ರಣವನ್ನು ಸುಧಾರಿಸಲು ಹೇಳಿದರೆ, ನಾನು ಹೇಗೆ ಯೋಚಿಸುತ್ತೇನೆಂಬುದು ತಮಗೆ ಹೆಚ್ಚು ಸ್ಪಷ್ಟವಾಗಿ ತಿಳಿಯಬಹುದು.

ಆಯ್ಕೆಯಾದಲ್ಲಿ ಬೆಂಗಳೂರಿಗೆ ಬಂದು ನೆಲೆಸಲು ಅಡ್ಡಿಯಿಲ್ಲ. ಗಿರಣಿಯಲ್ಲಿ ಈಗ ಕೆಲಸ ಕಡಿಮೆಯಿರುವ ಕಾಲ. ಬದಲಿ ವ್ಯಕ್ತಿಗೆ ಕಾಟಾದ ಪ್ರೋಗ್ರಾಮನ್ನು ಕಲಿಸಿಕೊಡಲು ಒಂದು ತಿಂಗಳು ಸಾಕು. ವೇತನದ ವಿಷಯದಲ್ಲಿ ಪ್ರಕಟಣೆಯಲ್ಲಿರುವ ಮೊತ್ತ ನನಗೆ ಒಪ್ಪಿಗೆಯಿದೆ. ಸಂದರ್ಶನ ವಿಡಿಯೋ ಕರೆಯಲ್ಲಾದರೆ ಸಂಜೆ ಆರರ ನಂತರ ಯಾವ ದಿನವಾದರೂ ಸಿದ್ಧನಿರುತ್ತೇನೆ. ನೇರವಾಗಿ ಬರಬೇಕೆಂದರೆ ಎರಡು ದಿನ ಮೊದಲು ತಿಳಿಸಿದರೆ ರಜೆ ಪಡೆದು ರಾತ್ರಿ ಬಸ್ಸಿಗೆ ಹೊರಟು ಬೆಳಗ್ಗೆ ತಮ್ಮ ಕಚೇರಿಗೆ ಬರುತ್ತೇನೆ. ಆಗ ‘ಹರಿಗೋಲು’ ಹಾಕಿರುವ ಹಳೆಯ ಫೋನನ್ನೂ ಜೊತೆಗೆ ತರುತ್ತೇನೆ, ಏಕೆಂದರೆ ಹೊಸ ಫೋನ್‌ಗಳಲ್ಲಿ ಎಲ್ಲ ಆಟಗಳೂ ಚೆನ್ನಾಗಿಯೇ ಓಡುತ್ತವೆ.

ಇತಿ ತಮ್ಮ ವಿಶ್ವಾಸಿ,
ವೀರೇಶ

ಲಗತ್ತುಗಳು: ಮೊಬೈಲ್ ಸಂಖ್ಯೆ ಮತ್ತು ಇಮೇಲ್ ವಿಳಾಸವಿರುವ ಸ್ವವಿವರ, ಮೂರು ಆಟಗಳ ಆಂಡ್ರಾಯ್ಡ್ ಪ್ರತಿಗಳು ಮತ್ತು ಮೂಲ ಕೋಡ್, ಪ್ರತಿ ಆಟದ ಚಿಕ್ಕ ವಿಡಿಯೋ, ಪದವಿ ಪ್ರಮಾಣಪತ್ರದ ನಕಲು.