ಹಿರಿಯರು ದಿನ ಗೊತ್ತು ಮಾಡೋಕೆ ಮೊದಲು

ಸುಹಾಸ್,

ಇದನ್ನ ಫೋನಲ್ಲೇ ಹೇಳಬೇಕು ಅಂತ ಮೂರು ಸಲ ಬಾಯಿಗೆ ಬಂತು, ಮೂರು ಸಲವೂ ಬೇರೆ ಮಾತಿಗೆ ತಿರುಗಿಸಿಬಿಟ್ಟೆ. ಅದಕ್ಕೇ ಬರೀತಾ ಇದ್ದೀನಿ. ಪುರುಸೊತ್ತಾಗಿ ಓದಿ, ಆಫೀಸಲ್ಲಿ ಮಧ್ಯೆ ಮಧ್ಯೆ ಬೇಡ.

ಯುಗಾದಿ ಕಳೆದ ಮೇಲೆ ನಿಮ್ಮ ಮನೆಯವರು, ನಮ್ಮ ಮನೆಯವರು ಕೂತು ನಿಶ್ಚಿತಾರ್ಥದ ದಿನ ಗೊತ್ತು ಮಾಡ್ತಾರೆ. ಅಷ್ಟರೊಳಗೆ ನಮ್ಮಿಬ್ಬರ ದುಡ್ಡಿನ ವಿಷಯ ಒಬ್ಬರಿಗೊಬ್ಬರು ತೆರೆದು ಹೇಳಿಕೊಳ್ಳಬೇಕು ಅನ್ನೋದು ನನ್ನ ಆಸೆ. ಉಳಿತಾಯ, ಸಾಲ, ಖರ್ಚಿನ ಅಭ್ಯಾಸ, ಮೂರೂ. ನಿಮ್ಮ ಮೇಲೆ ಅನುಮಾನ ಬಂದು ಕೇಳ್ತಾ ಇಲ್ಲ. ಈ ಏಳು ತಿಂಗಳಲ್ಲಿ ನಿಮ್ಮ ಜೊತೆ ಬಾಳಬಹುದು ಅಂತ ನನಗೆ ಗಟ್ಟಿಯಾಗಿ ಅನಿಸಿದೆ. ಅನಿಸಿರೋದಕ್ಕೇ ಕೇಳ್ತಾ ಇರೋದು.

ನನಗೆ ಈ ವಿಷಯ ಯಾಕೆ ಇಷ್ಟು ದೊಡ್ಡದು ಅಂತ ಹೇಳಿಬಿಡ್ತೀನಿ. ನಾನು ಹೈಸ್ಕೂಲಲ್ಲಿದ್ದಾಗ, 2011ರಲ್ಲಿ, ಒಂದು ಮಧ್ಯಾಹ್ನ ಪೋಸ್ಟ್‌ಮನ್ ರಿಜಿಸ್ಟರ್ ಕಾಗದ ತಂದ. ಅಪ್ಪ ತೋಟದಲ್ಲಿದ್ದರು. ಅಮ್ಮ ಒಲೆ ಮುಂದೆ ಮುದ್ದೆ ತಿರುವುತ್ತಾ ಇದ್ದಳು. ನಾನೇ ಸಹಿ ಹಾಕಿ ತಗೊಂಡು, ಒಡೆದು, ಜೋರಾಗಿ ಓದಿದೆ. ಅಪ್ಪ ಯಾರೋ ಸ್ನೇಹಿತರ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ನಿಂತಿದ್ದರು. ಆ ಮನುಷ್ಯ ಕಂತು ಕಟ್ಟೋದು ನಿಲ್ಲಿಸಿದ್ದ, ಈಗ ಪೂರ್ತಿ ಬಾಕಿ ಅಪ್ಪ ಕಟ್ಟಬೇಕು ಅಂತ ನೋಟಿಸ್. ಅಮ್ಮ ಮುದ್ದೆ ಕೋಲು ಹಾಗೇ ಪಾತ್ರೆಯಲ್ಲಿ ಬಿಟ್ಟು, ನನ್ನ ಕೈಯಿಂದ ಕಾಗದ ತಗೊಂಡಳು. ಅವಳಿಗೆ ಅಷ್ಟು ಓದೋಕೆ ಬರಲ್ಲ. ಆದರೂ ಎಷ್ಟೋ ಹೊತ್ತು ಅದನ್ನೇ ನೋಡ್ತಾ ನಿಂತಿದ್ದಳು. ಮುದ್ದೆ ತಳ ಹಿಡಿದು ಸೀದುಹೋಯ್ತು.

ಹಸು ಎರಡು ಮಾರಿದರು, ತೆಂಗಿನ ಫಸಲು ಮುಂಗಡಕ್ಕೆ ಕೊಟ್ಟರು, ಹೇಗೋ ತೀರಿಸಿದರು. ಆದರೆ ಅವತ್ತು ರಾತ್ರಿ ಅಮ್ಮ ಹೇಳಿದ ಮಾತು ನನಗೆ ಇವತ್ತಿಗೂ ಮರೆತಿಲ್ಲ: "ಸಹಿ ಹಾಕಿದ್ದಕ್ಕೆ ನಂಗೆ ಬೇಜಾರಿಲ್ಲ. ನಾಲ್ಕು ವರ್ಷ ಒಂದೇ ಮನೇಲಿದ್ದು ಒಂದು ಮಾತು ಹೇಳ್ಲಿಲ್ವಲ್ಲ."

ಅಪ್ಪ ಕೆಟ್ಟವರಲ್ಲ, ನಿಮಗೇ ಗೊತ್ತು. ಹೇಳಿದರೆ ಅವಳು ಚಿಂತೆ ಮಾಡ್ತಾಳೆ ಅಂತ ಮುಚ್ಚಿಟ್ಟಿದ್ದರು. ಒಳ್ಳೆ ಮನಸ್ಸಿನಿಂದ ಮುಚ್ಚಿಟ್ಟಿದ್ದೂ ಅಷ್ಟೇ ನೋವು ಕೊಡುತ್ತೆ ಅಂತ ಆ ಮನೆಯಲ್ಲಿ ಬೆಳೆದ ನನಗೆ ಗೊತ್ತು. ಹೊಲ ಕೊಳ್ಳುವಾಗ ಪಹಣಿ ತೆಗೆಸಿ 11ನೇ ಕಾಲಂನಲ್ಲಿ ಋಣ ಏನಾದರೂ ಇದೆಯಾ ಅಂತ ನೋಡ್ತೀವಿ. ಮದುವೆಗೆ ಜಾತಕ ಮಾತ್ರ ತೆಗೆಸ್ತೀವಿ. ನನ್ನ 11ನೇ ಕಾಲಂ ನಾನೇ ಮೊದಲು ತೋರಿಸ್ತೀನಿ.

ಕೈಗೆ ಬರೋ ಸಂಬಳ 33,500. ನರ್ಸಿಂಗ್ ಓದೋಕೆ ತಗೊಂಡ ನಾಲ್ಕು ಲಕ್ಷದ ಶಿಕ್ಷಣ ಸಾಲಕ್ಕೆ ಓದೋ ವರ್ಷಗಳ ಬಡ್ಡಿಯೂ ಸೇರಿಕೊಂಡು, ತಿಂಗಳಿಗೆ 8,600 ಕಂತು ಹೋಗುತ್ತೆ. 17 ಕಂತು ಬಾಕಿ ಇದೆ, ಅಸಲು ಸುಮಾರು 1,35,000. ಮುಂದಿನ ವರ್ಷ ಆಗಸ್ಟ್‌ಗೆ ಮುಗಿಯುತ್ತೆ. ಮನೆಗೆ 8,000 ಕಳಿಸ್ತೀನಿ. ಪಿಜಿಗೆ 6,500. ಚೀಟಿಗೆ 3,000. ಎಸ್ಐಪಿಗೆ 2,000. ಉಳಿದ 5,400ರಲ್ಲಿ ಬಸ್ಸು, ಫೋನು, ಬಟ್ಟೆ, ಊರಿಗೆ ಹೋಗಿ ಬರೋದು.

ಇನ್ನೊಂದು ಸಾಲ ಇದೆ, ಇದು ನಿಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. 2023ರಲ್ಲಿ ಅಪ್ಪನಿಗೆ ಸ್ಟೆಂಟ್ ಹಾಕಿಸಿದಾಗ ಅಮ್ಮನ ಎರಡು ಬಳೆ, 32 ಗ್ರಾಂ, ಅಡ ಇಟ್ಟು 90,000 ತಂದಿದ್ದೆ. ಪ್ರತಿ ವರ್ಷ ಬಡ್ಡಿ ಕಟ್ಟಿ ರಿನ್ಯೂ ಮಾಡಿಸ್ತಾ ಬಂದಿದ್ದೀನಿ, ಅಸಲು ಒಂದು ರೂಪಾಯಿ ಇಳಿದಿಲ್ಲ. ನಮ್ಮನ್ನ ನೋಡೋಕೆ ನೀವೆಲ್ಲ ಬಂದ ದಿನ ಅಮ್ಮನ ಕೈಯಲ್ಲಿದ್ದದ್ದು ಚಿಕ್ಕಮ್ಮನ ಬಳೆ. ಅವತ್ತು ನಿಮ್ಮಮ್ಮ "ಬಳೆ ಚೆನ್ನಾಗಿದೆ" ಅಂದಾಗ ಅಮ್ಮ ನನ್ನ ಮುಖ ನೋಡಿದಳು. ಆ ನೋಟ ನನಗೆ ಇನ್ನೂ ಚುಚ್ಚುತ್ತೆ. ಮದುವೆ ದಿನ ಅವಳು ತನ್ನ ಬಳೆಯನ್ನೇ ಹಾಕಿಕೊಳ್ಳಬೇಕು. ಅದನ್ನ ಬಿಡಿಸೋದು ನನ್ನ ಜವಾಬ್ದಾರಿ, ನಿಮ್ಮದಲ್ಲ. ಚೀಟಿ ದುಡ್ಡು ಬಂದರೆ ಮೊದಲು ಅದಕ್ಕೇ.

ಚೀಟಿ ಬಗ್ಗೆಯೂ ಹೇಳಬೇಕು. ಗೊತ್ತಿರೋರೇ ನಡೆಸೋದು, ಇಪ್ಪತ್ತು ಜನ, ನಾನಿನ್ನೂ ಕೂಗಿಲ್ಲ. ಆದರೆ ನೋಂದಣಿ ಆಗಿಲ್ಲ. 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ನೋಂದಣಿ ಇಲ್ಲದೆ ನಡೆಸೋ ಹಾಗಿಲ್ಲ ಅಂತ ಸೇರಿದ ಮೇಲೆ ತಿಳೀತು. ಎಂಟು ತಿಂಗಳು ಬಾಕಿ ಇದೆ. ಮುಗಿಸಿ ಹೊರಗೆ ಬರ್ತೀನಿ, ಮತ್ತೆ ಅಂಥದ್ದಕ್ಕೆ ಸೇರಲ್ಲ.

ಉಳಿತಾಯ ಅಂತ ಇರೋದು ಪಿಎಫ್‌ನಲ್ಲಿ ಸುಮಾರು 1,70,000, ಎಸ್ಐಪಿಯಲ್ಲಿ 54,000, ಒಂದು ಎಫ್‌ಡಿ 60,000. ಆ ಎಫ್‌ಡಿ 1,10,000 ಇತ್ತು. ಅರ್ಧ ಹೋದದ್ದು ನನ್ನ ತಪ್ಪಿನಿಂದ. ಎರಡು ವರ್ಷದ ಹಿಂದೆ ಕ್ರೆಡಿಟ್ ಕಾರ್ಡ್ ತಗೊಂಡೆ. ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿದ್ರೆ ನಿದ್ದೆ ಬರಲ್ಲ, ಫೋನ್ ಹಿಡಿದು ಕುರ್ತಾ, ಚಪ್ಪಲಿ, ಏನೇನೋ ಆರ್ಡರ್ ಮಾಡೋದು. ಜೊತೆಗೆ ಒಂದು ಹೊಸ ಫೋನು. 38,000 ಆಯ್ತು. ಬಿಲ್ಲಿನಲ್ಲಿ "ಕನಿಷ್ಠ ಮೊತ್ತ" ಅಂತ ಒಂದು ಸಣ್ಣ ಅಂಕಿ ಇರುತ್ತಲ್ಲ, ಏಳು ತಿಂಗಳು ಅಷ್ಟನ್ನೇ ಕಟ್ಟಿ ಸಾಲ ಸರಿಯಾಗಿದೆ ಅಂತ ನೆಮ್ಮದಿಯಾಗಿದ್ದೆ. ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ, ವರ್ಷಕ್ಕೆ ನಲವತ್ತೆರಡು! ಒಂದು ದಿನ ಸ್ಟೇಟ್‌ಮೆಂಟ್ ಪೂರ್ತಿ ಓದಿ ಕೈಕಾಲು ತಣ್ಣಗಾಯ್ತು. ಎಫ್‌ಡಿ ಮುರಿದು ಬಡ್ಡಿ ಸಮೇತ ಕಟ್ಟಿ ಕಾರ್ಡ್ ಕ್ಲೋಸ್ ಮಾಡಿಸಿದೆ. ಬೆಳಗಿನ ಹೊತ್ತು ಆರ್ಡರ್ ಮಾಡೋ ಚಟ ಪೂರ್ತಿ ಬಿಟ್ಟಿದ್ದೀನಿ ಅಂತ ಸುಳ್ಳು ಹೇಳಲ್ಲ, ತುಂಬ ಕಡಿಮೆ ಆಗಿದೆ. ಈಗ ಖರ್ಚು ಮಾಡಿದ್ದನ್ನೆಲ್ಲ ಒಂದು ಪುಟ್ಟ ಡೈರಿಯಲ್ಲಿ ಬರೀತೀನಿ. ಆ ಡೈರಿ ನಿಮಗೆ ತೋರಿಸ್ತೀನಿ.

ಈಗ ನಿಮ್ಮ ಕಡೆ.

ನಿಮ್ಮ ತಂಗಿ ಮದುವೆಗೆ ಸಾಲ ಮಾಡಿದ್ದೀರಿ ಅಂತ ಒಂದು ಸಲ ಮಾತಿನ ಮಧ್ಯೆ ಬಂತು. ಎಷ್ಟು ಅಂದೆ, "ಅದೆಲ್ಲ ನಡೆಯುತ್ತೆ ಬಿಡಿ" ಅಂದ್ರಿ. ಅದು ಯಾರ ಹೆಸರಲ್ಲಿದೆ, ಎಷ್ಟು ಉಳಿದಿದೆ, ಬ್ಯಾಂಕಿಂದಾ ಕೈಸಾಲವಾ? ಕಾರಿನ ಕಂತು ಎಷ್ಟು ವರ್ಷ ಇದೆ? ಯಾರಿಗಾದರೂ ಜಾಮೀನು ಹಾಕಿದ್ದೀರಾ? ಇದನ್ನ ಮಾತ್ರ ದಯವಿಟ್ಟು ನೆನಪು ಮಾಡಿಕೊಂಡು ಹೇಳಿ. ಸಾಲಗಾರ ಕಟ್ಟದಿದ್ದರೆ ಜಾಮೀನುದಾರನ ಹೊಣೆಯೂ ಅಷ್ಟೇ ಪೂರ್ತಿ ಅನ್ನೋದನ್ನ ನಮ್ಮ ಮನೆ ದುಡ್ಡು ಕೊಟ್ಟು ಕಲಿತಿದೆ. ಷೇರಿನಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಮಾಡ್ತೀರಾ? ನಿಮ್ಮ ರೂಮ್‌ಮೇಟ್ ಮಾಡ್ತಾರೆ ಅಂದಿದ್ರಿ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷ ನೋಡಿ ಸೆಬಿ ಹೇಳಿದ್ದು, ನೂರಕ್ಕೆ 93 ಜನ ಸಣ್ಣ ಹೂಡಿಕೆದಾರರು ಅದರಲ್ಲಿ ಕಳ್ಕೊಂಡಿದ್ದಾರೆ ಅಂತ. ನೀವೂ ಕಳ್ಕೊಂಡಿದ್ರೆ ನಾನು ಜಗಳ ಆಡಲ್ಲ. ಮೊತ್ತ ಗೊತ್ತಾದರೆ ಸಾಕು.

ಇನ್ನೊಂದು, ಹೇಳಲೋ ಬೇಡವೋ ಅಂತ ಯೋಚಿಸಿ ಹೇಳ್ತಾ ಇದ್ದೀನಿ. ದಸರಾದಲ್ಲಿ ನಿಮ್ಮ ಸ್ನೇಹಿತರು ಮೈಸೂರಿಗೆ ಬಂದಾಗ ಆರು ಜನರ ಊಟದ ಬಿಲ್ ನೀವೇ ಕೊಟ್ರಿ, ಯಾರಿಗೂ ಜೇಬಿಗೆ ಕೈ ಹಾಕೋಕೆ ಬಿಡಲಿಲ್ಲ. ಹೊರಗೆ ಬಂದು ಫೋನ್ ನೋಡಿಕೊಂಡಾಗ ನಿಮ್ಮ ಮುಖ ಒಂದು ಕ್ಷಣ ಸಣ್ಣಗಾಯ್ತು. ನಿಮ್ಮ ಕೈ ದೊಡ್ಡದು, ಅದು ನನಗೆ ಇಷ್ಟ. ಆದರೆ ಆ ಕ್ಷಣದ ಮುಖವೂ ನನಗೆ ಕಾಣಬೇಕು, ನನ್ನಿಂದ ತಿರುಗಿಸಿಕೊಳ್ಳಬೇಡಿ.

ನನ್ನ ಕಡೆಯಿಂದ ಬದಲಾಗದ ವಿಷಯ ಒಂದೇ. ಮನೆಗೆ ಕಳಿಸೋ 8,000 ಮದುವೆ ಆದ ಮೇಲೂ ನಿಲ್ಲಲ್ಲ. ನನಗೆ ಅಣ್ಣತಮ್ಮಂದಿರಿಲ್ಲ, ಅಪ್ಪನ ಮಾತ್ರೆಗೇ ತಿಂಗಳಿಗೆ ಎರಡು ಸಾವಿರದ ಹತ್ತಿರ ಬೇಕು. ನೀವೂ ನಿಮ್ಮ ಅಪ್ಪ ಅಮ್ಮನಿಗೆ ಕೊಡೋದನ್ನ ನಿಲ್ಲಿಸಿ ಅಂತ ನಾನು ಯಾವತ್ತೂ ಕೇಳಲ್ಲ. ಇದಕ್ಕೆ ನಿಮ್ಮ ಮನಸ್ಸು ಒಪ್ಪದಿದ್ದರೆ ಈಗಲೇ ಹೇಳಿ. ಬೇರೆ ಎಲ್ಲದಕ್ಕೂ, ಸಂಬಳ ಒಂದೇ ಅಕೌಂಟಿಗೆ ಹಾಕೋದಾ, ಬೇರೆ ಬೇರೆ ಇಟ್ಟು ಮನೆಖರ್ಚಿಗೆ ಒಂದು ಮಾಡೋದಾ, ನನ್ನ ಹತ್ತಿರ ಸಿದ್ಧ ಉತ್ತರ ಇಲ್ಲ. ಕೂತು ಯೋಚಿಸೋಣ.

ಮದುವೆ ಖರ್ಚಿನ ಮಾತೂ ಇದೆ, ಇದಕ್ಕೆ ನಿಮ್ಮ ಸಹಾಯ ಬೇಕು. ನಿಮ್ಮ ಮನೆಯವರು ಏನೂ ಕೇಳಿಲ್ಲ, ಅದು ನನಗೆ ದೊಡ್ಡ ಗೌರವ. ಆದರೂ ಅಪ್ಪ ಊರವರ ಮುಂದೆ ಕಮ್ಮಿ ಆಗಬಾರದು ಅಂತ ದೊಡ್ಡ ಛತ್ರ ನೋಡ್ತಾ ಇದ್ದಾರೆ, ಆರು ಲಕ್ಷ ನೂರಕ್ಕೆ ಎರಡರ ಬಡ್ಡಿಗೆ ತರೋ ಮಾತಾಡ್ತಿದ್ದಾರೆ. ಬಡ್ಡಿಯೇ ತಿಂಗಳಿಗೆ 12,000. ಸ್ಟೆಂಟ್ ಹಾಕಿಸಿಕೊಂಡ ಮನುಷ್ಯ ಅದನ್ನ ಹೊತ್ತು ಮಲಗೋದು ನನಗೆ ಬೇಡ. ನಾನು ಹೇಳಿದರೆ "ಹೆಣ್ಣುಮಗು, ನಿಂಗೆ ಗೊತ್ತಾಗಲ್ಲ" ಅಂತಾರೆ. ದೇವಸ್ಥಾನದಲ್ಲಿ ತಾಳಿ, ಮುನ್ನೂರು ಜನಕ್ಕೆ ಊಟ, ಖರ್ಚು ಎರಡೂ ಕಡೆ ಸಮ ಅಂತ ನಿಮ್ಮ ತಂದೆಯವರ ಬಾಯಿಂದ ಬಂದರೆ ಅಪ್ಪ ಕೇಳ್ತಾರೆ. ಅವರ ಹತ್ತಿರ ಮಾತಾಡೋಕೆ ಆಗುತ್ತಾ ನಿಮಗೆ?

15ನೇ ತಾರೀಖು ಭಾನುವಾರ ಬನ್ನಿ. ಕುಕ್ಕರಹಳ್ಳಿ ಕೆರೆ ಹತ್ತಿರ ಕೂತು ಮಾತಾಡೋಣ, ಮನೆಯವರು ಯಾರೂ ಬೇಡ. ನಾನು ಸಂಬಳದ ಚೀಟಿ, ಸಾಲದ ಸ್ಟೇಟ್‌ಮೆಂಟ್, ಅಡವಿನ ರಸೀದಿ, ಡೈರಿ ತರ್ತೀನಿ. ಸಿಬಿಲ್ ವರದಿಯನ್ನೂ ತೆಗೆದಿದ್ದೀನಿ, 900ಕ್ಕೆ 748 ಇದೆ. ವರ್ಷಕ್ಕೊಂದು ಪೂರ್ತಿ ವರದಿ ಉಚಿತವಾಗಿ ಸಿಗುತ್ತೆ, ನೀವೂ ನಿಮ್ಮದು ತನ್ನಿ. ನಮಗೇ ಮರೆತುಹೋದ ಹಳೇ ಸಾಲ, ಜಾಮೀನು ಇದ್ರೂ ಅದರಲ್ಲಿ ಕಾಣಬಹುದು.

ಇದನ್ನ ಓದಿದ ತಕ್ಷಣ ಉತ್ತರ ಬರೀಬೇಡಿ. ಕೋಪ ಬಂದರೆ ಅದನ್ನೂ ಭಾನುವಾರ ನನ್ನ ಎದುರಿಗೇ ಹೇಳಿ. ನಿಮ್ಮ ಸಾಲ ನನ್ನದಕ್ಕಿಂತ ಜಾಸ್ತಿ ಇದ್ದರೂ ನಾನು ಎದ್ದು ಹೋಗಲ್ಲ. ತೀರಿಸೋ ದಾರಿ ಇಬ್ಬರೂ ಹುಡುಕಬಹುದು. ನನ್ನ ಲೆಕ್ಕ ನೋಡಿ ನಿಮಗೆ ಹಿಂದೇಟು ಅನಿಸಿದರೆ ಅದನ್ನೂ ಹೇಳೋ ಹಕ್ಕು ನಿಮಗಿದೆ. ನೋವಾಗುತ್ತೆ, ಆದರೆ ದಿನ ಗೊತ್ತಾಗೋಕೆ ಮೊದಲು ಆಗಲಿ.

ಶನಿವಾರ ನನಗೆ ನೈಟ್ ಡ್ಯೂಟಿ. ಬೆಳಗ್ಗೆ ಎಂಟಕ್ಕೆ ಹೊರಗೆ ಬರ್ತೀನಿ. ಬಸ್ಸಲ್ಲೇ ಬನ್ನಿ, ಕಾರು ಬೇಡ. ಇಡ್ಲಿ ನಾನು ಕಟ್ಟಿಸಿಕೊಂಡು ಬರ್ತೀನಿ.

ದಿವ್ಯ