ಪದ್ಯ ವಿಶ್ಲೇಷಣೆ: ಪರಿಶೀಲನಾ ಪಟ್ಟಿ, ಮತ್ತು ಬಾದಾಮಿಯ ತ್ರಿಪದಿಗೊಂದು ಮಾದರಿ ಟಿಪ್ಪಣಿ

ಬಿ.ಎ. ಮೂರನೇ ಸೆಮಿಸ್ಟರ್, ಕನ್ನಡ ಐಚ್ಛಿಕ. ಆಂತರಿಕ ಬರಹಕ್ಕೆ.

ಪದ್ಯವನ್ನು ಹಾಳೆಯ ಎಡಕ್ಕೆ ಅಂಟಿಸಿಕೊಳ್ಳಿ. ಸಾಲಿನಿಂದ ಸಾಲಿಗೆ ಎರಡು ಬೆರಳಷ್ಟು ಜಾಗ ಇರಲಿ, ಬಲಕ್ಕೆ ಅಂಗೈ ಅಗಲದ ಅಂಚು ಇರಲಿ. ಪೆನ್ನು ಬೇಡ, ಪೆನ್ಸಿಲ್ ಹಿಡಿಯಿರಿ. ಮೊದಲು ಹಾಕಿದ ಗುರುತಿನಲ್ಲಿ ಅರ್ಧದಷ್ಟನ್ನು ಅಳಿಸಬೇಕಾಗುತ್ತದೆ. ಒಂದೇ ನಿಯಮ ನೆನಪಿರಲಿ: ಮೊದಲು ಕಂಡದ್ದನ್ನು ಗುರುತಿಸಿ, ಹೆಸರು ಆಮೇಲೆ. ಹೆಸರು ಮೊದಲು ಬಂದರೆ ಕಣ್ಣು ಆ ಹೆಸರನ್ನೇ ಹುಡುಕುತ್ತದೆ, ಪದ್ಯ ಪಕ್ಕಕ್ಕೆ ಸರಿಯುತ್ತದೆ.

ಅಂಟಿಸಿದ ಪಾಠ

☐ ಅಕ್ಷರ ಸರಿ ಇದೆಯೇ? ಮೊಬೈಲಿನಿಂದ ನಕಲು ಮಾಡಿದ ಹಳಗನ್ನಡ ಪದ್ಯದಲ್ಲಿ ಱ ಹೋಗಿ ರ ಆಗಿರುತ್ತದೆ, ೞ ಹೋಗಿ ಳ ಆಗಿರುತ್ತದೆ, ಪದದ ಕೊನೆಯ ನ್ ಸೊನ್ನೆಯಾಗಿರುತ್ತದೆ. ಪ್ರಾಸಕ್ಕೆ ರ ಬೇರೆ, ಱ ಬೇರೆ. ಆದ್ದರಿಂದ ಇದನ್ನು ಬರೀ ಕಾಗುಣಿತದ ತಪ್ಪೆಂದು ಬಿಡುವಂತಿಲ್ಲ. ಅಚ್ಚಾದ ಪುಸ್ತಕದೊಂದಿಗೆ ತಾಳೆ ನೋಡಿ.

☐ ಸಾಲು ಎಲ್ಲಿ ಮುರಿದಿದೆ? ಮೊಬೈಲಿನ ಕಿರಿದಾದ ಪರದೆ ಮುರಿದ ಸಾಲು ಕವಿಯ ಸಾಲಲ್ಲ.

☐ ಮೂರು ಸಲ ಗಟ್ಟಿಯಾಗಿ ಓದಿದಿರಾ? ಮೊದಲ ಸಲ ಸುಮ್ಮನೆ ಓದಿ. ಎರಡನೇ ಸಲ ನಾಲಿಗೆ ತಡವರಿಸಿದಲ್ಲಿ ಚುಕ್ಕೆ ಇಡಿ. ಮೂರನೇ ಸಲ ಉಸಿರು ನಿಂತಲ್ಲಿ ಗೀಟು ಎಳೆಯಿರಿ.

☐ ಗದ್ಯಾನ್ವಯ ಬರೆದಿರಾ? ಎರಡು ವಾಕ್ಯ ಸಾಕು. ಇದಿಲ್ಲದೆ ಮುಂದೆ ಹೋದವರು ಅರ್ಥವೇ ಕೂಡದ ಸಾಲಿಗೆ ಅಲಂಕಾರ ಹೇಳುತ್ತಾರೆ.

ಅಲಂಕಾರ

☐ ಮರುಕಳಿಸುವ ಅಕ್ಷರ, ಪದಗಳಿಗೆ ಸುತ್ತು ಹಾಕಿ. ಒಂದೊಂದಕ್ಕೂ ಕೇಳಿ: ಎರಡನೇ ಸಲ ಬಂದಾಗ ಅರ್ಥ ಅದೇ ಇದೆಯೇ? ಅಕ್ಷರ ಮಾತ್ರ ಮರಳಿದ್ದರೆ ಅನುಪ್ರಾಸ. ಪದ ಮತ್ತು ಅರ್ಥ ಎರಡೂ ಮರಳಿ, ತಾತ್ಪರ್ಯ ಬೇರೆಯಾಗಿದ್ದರೆ ಲಾಟಾನುಪ್ರಾಸ. ಅಕ್ಷರಗಳು ಅವೇ ಇದ್ದು ಅರ್ಥ ಬೇರೆಯಾದರೆ ಯಮಕ.

☐ ಹೋಲಿಕೆ ಇದ್ದರೆ ನಾಲ್ಕನ್ನು ಹುಡುಕಿ: ಉಪಮೇಯ, ಉಪಮಾನ, ಸಮಾನಧರ್ಮ, ವಾಚಕ ಪದ. ಹಳಗನ್ನಡದಲ್ಲಿ ವಾಚಕ ಪದ ವೋಲ್, ಅಂತೆ, ಅಂದದಿ ಮುಂತಾಗಿ ಬರುತ್ತದೆ. ವಾಚಕವಿಲ್ಲದೆ ‘ಇದು ಅದೇ’ ಎಂದರೆ ರೂಪಕ. ‘ಇದು ಅದೋ ಎಂಬಂತಿದೆ’ ಎಂದು ಕಲ್ಪಿಸಿದರೆ ಉತ್ಪ್ರೇಕ್ಷೆ. ಉತ್ತರಪತ್ರಿಕೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು, ಹೋಲಿಕೆ ಕಂಡಲ್ಲೆಲ್ಲ ಉಪಮೆ ಎಂದು ಬರೆಯುವುದು.

☐ ಹೆಸರು ಬರೆದ ಮೇಲೆ ‘ಇದರಿಂದ ಇಲ್ಲಿ ಏನಾಯಿತು?’ ಎಂಬುದಕ್ಕೆ ಒಂದು ಸಾಲು ಬರೆಯಿರಿ. ‘ಪದ್ಯದ ಸೌಂದರ್ಯ ಹೆಚ್ಚಿತು’ ಎಂಬುದು ಉತ್ತರವಲ್ಲ. ಅದನ್ನು ಯಾವ ಪದ್ಯಕ್ಕಾದರೂ ಅಂಟಿಸಬಹುದು.

ಧಾಟಿ

ಧಾಟಿಯನ್ನು ಧ್ವನಿ ಎಂದು ಬರೆಯಬೇಡಿ. ಧ್ವನಿ ಎಂದರೆ ನಮ್ಮ ಮೀಮಾಂಸೆಯಲ್ಲಿ ಸೂಚ್ಯಾರ್ಥ, ಆನಂದವರ್ಧನನ ಮಾತು. ಧಾಟಿ ಎಂದರೆ ಹೇಳುವವರು ವಿಷಯದ ಬಗ್ಗೆ, ಕೇಳುವವರ ಬಗ್ಗೆ ತಾಳಿದ ನಿಲುವು, ಅದು ಮಾತಿನಲ್ಲಿ ಕೇಳಿಬರುವ ರೀತಿ.

☐ ಮಾತಾಡುವವರು ಯಾರು, ಯಾರಿಗೆ, ಯಾರ ಬಗ್ಗೆ? ಸರ್ವನಾಮಗಳ ಕೆಳಗೆ ಗೆರೆ ಎಳೆಯಿರಿ. ಈತ, ಆತ ಎಂಬಲ್ಲಿ ಒಂದು ಅಕ್ಷರದಿಂದ ದೂರ ಬದಲಾಗುತ್ತದೆ.

☐ ಧಾಟಿಗೆ ಎರಡು ಪದ ಕೊಡಿ, ಅವು ಒಂದಕ್ಕೊಂದು ತಿಕ್ಕಾಡಲಿ: ಪ್ರೀತಿ ಮತ್ತು ಬೇಸರ, ಭಕ್ತಿ ಮತ್ತು ಹಟ. ಒಂದೇ ಪದ ಕೊಟ್ಟರೆ ಹೆಚ್ಚಾಗಿ ಅದು ವಿಷಯದ ಹೆಸರಾಗಿರುತ್ತದೆ.

☐ ಧಾಟಿ ತಿರುಗುವ ಜಾಗಕ್ಕೆ ಬಾಣದ ಗುರುತು ಹಾಕಿ.

ಕಟ್ಟಡ

☐ ಪ್ರಾಸ ಎಲ್ಲಿದೆ? ಹಳೆಯ ಕನ್ನಡ ಪದ್ಯದಲ್ಲಿ ಸಾಲಿನ ಕೊನೆಯಲ್ಲಿ ಹುಡುಕಿ ‘ಪ್ರಾಸವಿಲ್ಲ’ ಎಂದು ಬರೆಯಬೇಡಿ. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ನೋಡಿ. ಅದರ ಹಿಂದಿನ ಅಕ್ಷರ ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ, ಸೊನ್ನೆ ಇದ್ದರೆ ವೃಷಭಪ್ರಾಸ.

☐ ಗಣ ಯಾವುದು? ಮಾತ್ರೆ ಎಣಿಸಿ. ಸಮ ಬರದಿದ್ದರೆ ಕವಿ ತಪ್ಪಿದ ಎನ್ನುವ ಮೊದಲು ಅಂಶಗಣ ಹಾಕಿ ನೋಡಿ. ಗಣದ ಮೊದಲ ಅಂಶ ಸಾಮಾನ್ಯವಾಗಿ ಒಂದು ಗುರು ಅಥವಾ ಎರಡು ಲಘು. ಉಳಿದ ಅಂಶಗಳು ಒಂದೊಂದು ಅಕ್ಷರ, ಲಘುವಾದರೂ ಸರಿ, ಗುರುವಾದರೂ ಸರಿ. ಬ್ರಹ್ಮಗಣಕ್ಕೆ 2 ಅಂಶ, ವಿಷ್ಣುಗಣಕ್ಕೆ 3, ರುದ್ರಗಣಕ್ಕೆ 4.

☐ ವಾಕ್ಯರಚನೆ ಮರಳುತ್ತಿದೆಯೇ? ಎಲ್ಲಿ ಮುರಿಯುತ್ತದೆ? ಕ್ರಿಯಾಪದಗಳೆಷ್ಟು, ಯಾರ ಪಾಲಿಗೆ?

ಮಾದರಿ: ಅಂಟಿಸಿದ ಪದ್ಯ

ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಪದ್ಯ, ಸುಮಾರು ಕ್ರಿ.ಶ. 700. ತ್ರಿಪದಿಯ ಅತಿ ಹಳೆಯ ಮಾದರಿಗಳಲ್ಲಿ ಒಂದು.

> ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
> ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
> ಮಾಧವನೀತನ್ ಪೆಱನಲ್ಲ

*ಪಾಠ.* ಕೊನೆಯ ಪದ ಹಲವು ಕಡೆ ‘ಪೆರನಲ್ಲ’ ಎಂದು ಅಚ್ಚಾಗಿದೆ. ಪೆಱ ಎಂದರೆ ಬೇರೆ.

*ಗದ್ಯಾನ್ವಯ.* ಸಾಧುವಾದವನಿಗೆ ಈತ ಸಾಧು, ಮಧುರವಾಗಿರುವವನಿಗೆ ಮಧುರ; ಪೀಡಿಸುವ ಕಲಿಗೆ ಕಲಿಯುಗದಲ್ಲಿ ವಿಪರೀತನಾದವನು. ಈತ ಮಾಧವನೇ, ಬೇರೆಯಲ್ಲ.

*ಗಣ.*

```
ಸಾಧುಗೆ | ಸಾಧು ಮಾ | ಧುರ್ಯಂಗೆ | ಮಾಧುರ್ಯಂ
— ∪ ∪  | — ∪ —  | — — ∪  | — — —
ಬಾಧಿಪ್ಪ | ಕಲಿಗೆ | ಕಲಿಯುಗ | ವಿಪರೀತನ್
— — ∪ | ∪∪ ∪ | ∪∪ ∪ ∪ | ∪∪ — —
ಮಾಧವ | ನೀತನ್ | ಪೆಱನಲ್ಲ
— ∪ ∪ | — — | ∪∪ — ∪
```

ಮೊದಲ ಸಾಲಿನ ಗಣಗಳ ಮಾತ್ರೆ 4, 5, 5, 6. ಸಮವಿಲ್ಲ, ಆದ್ದರಿಂದ ಮಾತ್ರಾಗಣವಲ್ಲ. ಅಂಶ ಎಣಿಸಿದರೆ ನಾಲ್ಕೂ ವಿಷ್ಣು. ಒಟ್ಟು ಗಣ 4+4+3, ಅಂದರೆ 11. ಅದರಲ್ಲಿ 6ನೆಯದು ‘ಕಲಿಗೆ’, 10ನೆಯದು ‘ನೀತನ್’, ಇವೆರಡು ಮಾತ್ರ ಬ್ರಹ್ಮ. ತ್ರಿಪದಿಯ ಲಕ್ಷಣ ಸರಿಯಾಗಿ ಕೂಡಿದೆ.

ಇಲ್ಲೊಂದು ಜಾರುವ ಜಾಗವಿದೆ. ಮೊದಲ ಸಾಲನ್ನು ಪದಕ್ಕೊಂದರಂತೆ ಕತ್ತರಿಸಿದರೂ ನಾಲ್ಕು ತುಂಡೇ ಬರುತ್ತದೆ, ಸರಿಯಾಯಿತು ಎನಿಸುತ್ತದೆ. ಆದರೆ ಆಗ ‘ಸಾಧು’ 2 ಅಂಶದ ಬ್ರಹ್ಮ, ‘ಮಾಧುರ್ಯಂಗೆ’ 4 ಅಂಶದ ರುದ್ರ ಆಗಿಬಿಡುತ್ತದೆ. ಗಣ ಪದದ ನಡುವೆ ಮುರಿಯುತ್ತದೆ, ಮುರಿಯಲಿ. ‘ಸಾಧು ಮಾ’ ಎಂದೇ ಗೀಟು ಎಳೆಯಿರಿ.

*ಪ್ರಾಸ.* ಸಾಧು, ಬಾಧಿ, ಮಾಧ. ಎರಡನೇ ಅಕ್ಷರ ಮೂರು ಸಾಲಲ್ಲೂ ಧಕಾರ, ಹಿಂದೆ ದೀರ್ಘ: ಗಜಪ್ರಾಸ. ಸ್ವರ ಬೇರೆ ಬೇರೆ ಇದ್ದರೂ (ಧು, ಧಿ, ಧ) ಅಡ್ಡಿಯಿಲ್ಲ. ಪ್ರಾಸದಿಂದ ಆದದ್ದೇನು? ಸಾಧು, ಬಾಧೆ, ಮಾಧವ ಒಂದೇ ಗೂಟಕ್ಕೆ ಕಟ್ಟಿಕೊಂಡವು. ಒಳ್ಳೆಯವನು, ಪೀಡೆ, ಇಬ್ಬರ ಲೆಕ್ಕವನ್ನೂ ತೀರಿಸುವ ದೇವರು: ಪದ್ಯದ ಕಥೆಯೆಲ್ಲ ಸಾಲಿನ ಮೊದಲ ಪದಗಳಲ್ಲೇ ಇದೆ.

*ಮೊದಲ ಸಾಲು.* ಅದೇ ಪದ, ಅದೇ ಅರ್ಥ, ವಿಭಕ್ತಿ ಮಾತ್ರ ಬೇರೆ: ಲಾಟಾನುಪ್ರಾಸ. ಒಮ್ಮೆ ಎದುರಿಗಿದ್ದವನ ಗುಣ, ಇನ್ನೊಮ್ಮೆ ಈತನ ಗುಣ. ಕನ್ನಡಿ ಹಿಡಿದಂತೆ ಕೊಟ್ಟದ್ದು ಮರಳಿ ಬರುತ್ತದೆ. ಧಾಟಿ ಮೃದು.

*ಎರಡನೇ ಸಾಲು.* ಪದ್ಯದ ಜೀವ ಇಲ್ಲಿದೆ, ಹೆಚ್ಚು ಹೊತ್ತು ನಿಲ್ಲಿ. ‘ಸಾಧುಗೆ ಸಾಧು’, ‘ಮಾಧುರ್ಯಂಗೆ ಮಾಧುರ್ಯಂ’ ಕೇಳಿದ ಕಿವಿ ಮುಂದೆ ‘ಕಲಿಗೆ ಕಲಿ’ ಬರುತ್ತದೆಂದು ಕಾಯುತ್ತದೆ. ಬರುತ್ತದೆ ಕೂಡ: ‘ಕಲಿಗೆ ಕಲಿ…’. ಅಷ್ಟರಲ್ಲಿ ಪದ ಬೆಳೆದು ‘ಕಲಿಯುಗ’ ಆಗುತ್ತದೆ, ‘ವಿಪರೀತನ್’ ಎಂದು ಮುಗಿಯುತ್ತದೆ. ಒಳಿತಿಗೆ ಸಮಸಮ ಉತ್ತರ. ಕೆಡುಕಿಗೆ ಸಮಕ್ಕಿಂತ ಮಿಗಿಲಾದ ಉತ್ತರ. ಎಲ್ಲೂ ಹಾಗೆಂದು ಹೇಳದೆ ರಚನೆಯ ಮೂಲಕ ಆದ ಮಾತಿದು. ಬಾಣದ ಗುರುತು ‘ಬಾಧಿಪ್ಪ’ದ ಪಕ್ಕಕ್ಕೆ.

ಅಲಂಕಾರಕ್ಕೆ ಹೆಸರಿಡುವ ಮೊದಲು ಅರ್ಥ ತೀರ್ಮಾನಿಸಿ. ಮೊದಲ ‘ಕಲಿ’ ಪೀಡಿಸುವ ಪರಾಕ್ರಮಿಯಾದರೆ ‘ಕಲಿಯುಗ’ದ ಕಲಿ ಬೇರೆ, ಆಗ ಯಮಕ. ಮೊದಲನೆಯದೂ ಯುಗದ ಕಲಿಯೇ ಆದರೆ ಯಮಕ ನಿಲ್ಲದು, ‘ವಿಪರೀತನ್’ ಎಂಬುದಕ್ಕೂ ‘ಯುಗಕ್ಕೆ ಎದುರಾದವನು’ ಎಂಬ ಬಣ್ಣ ಬರುತ್ತದೆ. ಎರಡನ್ನೂ ಬರೆದು, ಒಂದನ್ನು ಆಯ್ದು, ಕಾರಣ ಕೊಡಿ. ಈ ಟಿಪ್ಪಣಿ ಮೊದಲನೆಯದನ್ನು ಆಯ್ದಿದೆ: ಸಾಧು, ಮಧುರ ಎಂದು ಎದುರಿಗಿದ್ದ ಮನುಷ್ಯರ ಸಾಲು ನಡೆಯುತ್ತಿರುವಾಗ ಮೂರನೆಯವನೂ ಮನುಷ್ಯನಾಗಿರುವುದು ಸಹಜ.

*ಮೂರನೇ ಸಾಲು.* ‘ಗೆ’ ಪ್ರತ್ಯಯ ಇಲ್ಲಿ ಇಲ್ಲ. ಎದುರಿಗೆ ಯಾರೂ ಉಳಿದಿಲ್ಲ. ವಾಚಕ ಪದವಿಲ್ಲ, ‘ಈತನ್’ ಉಪಮೇಯ, ‘ಮಾಧವ’ ಉಪಮಾನ, ಅಭೇದ ಹೇಳಿದೆ: ರೂಪಕ. ‘ಪೆಱನಲ್ಲ’ ಆ ಅಭೇದಕ್ಕೆ ಬೀಗ ಹಾಕುತ್ತದೆ. ‘ಆತನ್’ ಅಲ್ಲ, ‘ಈತನ್’: ಬಂಡೆಯ ಮುಂದೆ ನಿಂತವನಿಗೆ ಬೆರಳು ಮಾಡಿ ತೋರಿಸಿದಂತೆ. ಚಿಕ್ಕ ಬ್ರಹ್ಮಗಣ ಬೀಳುವುದು ಇದೇ ಪದದ ಮೇಲೆ. ಆ ಜಾಗ ಛಂದಸ್ಸಿನದು, ಅಲ್ಲಿ ಈ ಪದ ಕೂರಿಸಿದ್ದು ಕವಿ.

*ಕ್ರಿಯಾಪದ.* ಇಡೀ ಪದ್ಯದಲ್ಲಿ ಮಾಡುವಿಕೆಯನ್ನು ಹೇಳುವ ಪದ ಒಂದೇ, ‘ಬಾಧಿಪ್ಪ’. ಅದು ಎದುರಾಳಿಯ ಪಾಲಿಗೆ ಬಿದ್ದಿದೆ. ನಾಯಕ ಏನನ್ನೂ ‘ಮಾಡುವುದಿಲ್ಲ’, ಅವನು ‘ಇದ್ದಾನೆ’ ಅಷ್ಟೆ.

*ಧಾಟಿ.* ಹೊಗಳಿಕೆ ಮತ್ತು ಎಚ್ಚರಿಕೆ.

ಟಿಪ್ಪಣಿಯಿಂದ ಬರಹಕ್ಕೆ

ಗುರುತು ಮಾಡಿದ್ದನ್ನೆಲ್ಲ ಬರಹಕ್ಕೆ ತುಂಬಬೇಡಿ. ಒಂದು ವಾದ, ಅದಕ್ಕೆ ಮೂರು ಸಾಕ್ಷಿ ಸಾಕು. ಮೇಲಿನ ಟಿಪ್ಪಣಿಯಿಂದ ಹುಟ್ಟಿದ ಕಂಡಿಕೆ ಹೀಗಿದೆ:

“ಈ ತ್ರಿಪದಿ ಹೊಗಳುತ್ತಲೇ ಎಚ್ಚರಿಸುತ್ತದೆ. ಮೊದಲ ಸಾಲಿನ ಲಾಟಾನುಪ್ರಾಸ ಒಳಿತಿಗೆ ಒಳಿತು ಎಂಬ ಸಮತೂಕವನ್ನು ಕಿವಿಗೆ ರೂಢಿ ಮಾಡಿಸುತ್ತದೆ. ಎರಡನೇ ಸಾಲು ಅದೇ ರಚನೆಯನ್ನು ಹಿಡಿದು ‘ಕಲಿಗೆ ಕಲಿ’ ಎಂದು ತೊಡಗಿ, ‘ಕಲಿಯುಗ ವಿಪರೀತನ್’ ಎಂದು ಅಳತೆ ಮೀರುತ್ತದೆ. ಪೀಡಿಸುವವನಿಗೆ ಸಿಗುವ ಉತ್ತರ ಸಮತೂಕದ್ದಲ್ಲ ಎಂಬುದು ಇದರಿಂದ ಸೂಚಿತವಾಗುತ್ತದೆ. ‘ಬಾಧಿಪ್ಪ’ ಎಂಬ ಒಂದೇ ಕ್ರಿಯಾರೂಪ ಎದುರಾಳಿಗೆ ಸೇರಿದ್ದು, ನಾಯಕನನ್ನು ನಾಮಪದಗಳಲ್ಲೇ ನಿಲ್ಲಿಸಿರುವುದರಿಂದ ಅವನ ಬಲ ಅಚಲವಾಗಿ ಕಾಣುತ್ತದೆ. ಆ ಅಚಲತೆಯೇ ಮೂರನೇ ಸಾಲಿನ ರೂಪಕಕ್ಕೆ ನೆಲ ಹದಮಾಡುತ್ತದೆ: ಮಾಧವನೀತನ್.”