ಆರೋಪಿಯ ಪರವಾಗಿ ಲಿಖಿತ ವಾದ

ರಾಣೆಬೆನ್ನೂರಿನ ಮಾನ್ಯ ಪ್ರಧಾನ ಸಿವಿಲ್ ನ್ಯಾಯಾಧೀಶರು ಹಾಗೂ ಜೆ.ಎಂ.ಎಫ್.ಸಿ. ನ್ಯಾಯಾಲಯದಲ್ಲಿ

ಸಿ.ಸಿ. ನಂ. 1187/2022

ಫಿರ್ಯಾದಿ: ಫಕ್ಕೀರಪ್ಪ ತಂದೆ ಬಸಪ್ಪ, ಬಟ್ಟೆ ಅಂಗಡಿಯಲ್ಲಿ ಗುಮಾಸ್ತ, ಸಾ: ರಾಣೆಬೆನ್ನೂರು
ವಿರುದ್ಧ
ಆರೋಪಿ: ಮಂಜುನಾಥ ತಂದೆ ನಿಂಗಪ್ಪ, ಟಂಟಂ ಮಾಲೀಕ ಮತ್ತು ಚಾಲಕ, ಸಾ: ರಾಣೆಬೆನ್ನೂರು

ದಂಡ ಪ್ರಕ್ರಿಯಾ ಸಂಹಿತೆ, 1973ರ ಕಲಂ 314ರ ಮೇರೆಗೆ ಸಲ್ಲಿಸುವ ಲಿಖಿತ ವಾದ

1. ಫಿರ್ಯಾದಿಯ ಪ್ರಕರಣ ಇಷ್ಟೇ: 10-02-2022ರಂದು ಆರೋಪಿಗೆ ಬಡ್ಡಿಯಿಲ್ಲದೆ 6,00,000 ರೂಪಾಯಿ ನಗದು ಕೈಗಡ ಕೊಟ್ಟರು. ಆರೋಪಿ ಅದರ ತೀರುವಳಿಗೆ 16-08-2022ರ ಚೆಕ್ ಕೊಟ್ಟರು (ನಿ.ಪಿ.1). ಅದು 18-08-2022ರಂದು 'ಫಂಡ್ಸ್ ಇನ್‌ಸಫಿಶಿಯೆಂಟ್' ಎಂಬ ಷರಾದೊಂದಿಗೆ ಹಿಂತಿರುಗಿತು. ನೋಟಿಸಿನ ಅವಧಿ, ಫಿರ್ಯಾದು ದಾಖಲಿಸಿದ ಅವಧಿ ಇವುಗಳ ಬಗ್ಗೆ ಆರೋಪಿಯ ತಕರಾರಿಲ್ಲ. ನಿ.ಪಿ.1ರ ಮೇಲಿನ ಸಹಿಯೂ ಆರೋಪಿಯದೇ. ತಕರಾರು ಇರುವುದು ಒಂದೇ ವಿಷಯಕ್ಕೆ: ಅಂತಹ ಸಾಲವೇ ನಡೆದಿಲ್ಲ.

2. ಸಹಿ ಒಪ್ಪಿದ ಮೇಲೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ, 1881ರ ಕಲಂ 118(ಎ) ಮತ್ತು 139ರ ಪೂರ್ವಭಾವನೆ ಫಿರ್ಯಾದಿಯ ಪರವಾಗಿ ಹುಟ್ಟುತ್ತದೆ. ವಸೂಲಿಗೆ ಅರ್ಹವಾದ ಸಾಲವಿತ್ತು ಎಂಬುದೂ ಆ ಪೂರ್ವಭಾವನೆಯಲ್ಲಿ ಸೇರಿದೆ ಎಂದು ರಂಗಪ್ಪ ವಿರುದ್ಧ ಶ್ರೀ ಮೋಹನ್ (2010) 11 ಎಸ್‌ಸಿಸಿ 441ರಲ್ಲಿ ಸರ್ವೋಚ್ಚ ನ್ಯಾಯಾಲಯದ ತ್ರಿಸದಸ್ಯ ಪೀಠ ಹೇಳಿದೆ; ಅದನ್ನು ಆರೋಪಿ ಪ್ರಶ್ನಿಸುತ್ತಿಲ್ಲ. ಖಾಲಿ ಚೆಕ್ಕಿಗೆ ಸಹಿ ಮಾಡಿ ಕೊಟ್ಟೆ ಎಂದಷ್ಟಕ್ಕೆ ಬಿಡುಗಡೆ ಸಿಗದು ಎಂಬ ಬೀರ್ ಸಿಂಗ್ ವಿರುದ್ಧ ಮುಕೇಶ್ ಕುಮಾರ್ (2019) 4 ಎಸ್‌ಸಿಸಿ 197 ತೀರ್ಪೂ ಗೊತ್ತಿದೆ. ಆದರೆ ಅದೇ ರಂಗಪ್ಪ ತೀರ್ಪು ಇನ್ನೂ ಎರಡು ಮಾತು ಹೇಳುತ್ತದೆ. ಆರೋಪಿಯ ಮೇಲಿನ ರುಜುವಾತಿನ ಹೊರೆ ಸಂಭಾವ್ಯತೆಗಳ ಪ್ರಾಬಲ್ಯದಷ್ಟೇ, ಸಂಶಯಾತೀತ ರುಜುವಾತಲ್ಲ. ಆ ಹೊರೆ ಇಳಿಸಲು ಫಿರ್ಯಾದಿಯ ಸಾಕ್ಷ್ಯವನ್ನೇ ಬಳಸಬಹುದು, ಪ್ರತ್ಯೇಕ ಸಾಕ್ಷ್ಯ ಕೊಡಲೇಬೇಕೆಂದಿಲ್ಲ. ಇಲ್ಲಿ ಆರೋಪಿ ಎರಡನ್ನೂ ಮಾಡಿದ್ದಾರೆ.

3. ನಿಜವಾಗಿ ನಡೆದದ್ದು ಚೀಟಿ ವ್ಯವಹಾರ. ಮಾರ್ಚ್ 2019ರಿಂದ ಫಿರ್ಯಾದಿ ತಮ್ಮ ಮನೆಯಲ್ಲಿ 20 ಜನರ, ತಿಂಗಳಿಗೆ 10,000 ರೂಪಾಯಿಯ, 2 ಲಕ್ಷದ ಚೀಟಿ ನಡೆಸಿದರು. ನೋಂದಣಿ ಇಲ್ಲ, ಚೀಟಿ ನಿಧಿ ಕಾಯ್ದೆ, 1982ರ ಅನುಮತಿಯೂ ಇಲ್ಲ. ನಾಲ್ಕನೇ ತಿಂಗಳು, ಜೂನ್ 2019ರಲ್ಲಿ, ಆರೋಪಿ ಚೀಟಿ ಕೂಗಿ 1,52,000 ರೂಪಾಯಿ ಪಡೆದರು. ಉಳಿದ ಕಂತುಗಳ ಭದ್ರತೆಗೆಂದು ಸಹಿ ಮಾಡಿದ ಎರಡು ಖಾಲಿ ಚೆಕ್ ಕೊಟ್ಟರು. ಲಾಕ್‌ಡೌನಿನ ಎರಡು ತಿಂಗಳು ನಿಂತಿದ್ದ ಚೀಟಿ ಡಿಸೆಂಬರ್ 2020ಕ್ಕೆ ಮುಗಿಯಿತು. ಕೂಗಿದ ಮೇಲಿನ 16 ಕಂತುಗಳನ್ನೂ ಆರೋಪಿ ಕಟ್ಟಿದ್ದಾರೆ. ಅವುಗಳಲ್ಲಿ 13 ಕಂತು ಫೋನ್ ಮೂಲಕ ಫಿರ್ಯಾದಿಯ ಖಾತೆಗೇ ಹೋಗಿವೆ (ನಿ.ಡಿ.2, ಬ್ಯಾಂಕಿನ ದೃಢೀಕೃತ ಲೆಕ್ಕಪತ್ರ).

4. ಈ 13 ಜಮೆಗಳ ಬಗ್ಗೆ ಪಾಟೀಸವಾಲಿನಲ್ಲಿ ಕೇಳಿದಾಗ ಪಿ.ಡಬ್ಲ್ಯೂ.1 ಮೊದಲು 'ಚೀಟಿ ಎಂಬುದೇ ಇರಲಿಲ್ಲ' ಎಂದರು. ವಾಟ್ಸ್ಆ್ಯಪ್ ಸಂದೇಶಗಳನ್ನು (ನಿ.ಡಿ.3, ಕಲಂ 65-ಬಿ ಪ್ರಮಾಣಪತ್ರ ಸಹಿತ) ತೋರಿಸಿದ ಮೇಲೆ 'ಚೀಟಿ ನನ್ನ ಹೆಂಡತಿ ನಡೆಸುತ್ತಿದ್ದಳು' ಎಂದರು. ಮುಂದಿನ ಪ್ರಶ್ನೆಗೆ 'ಆ ಹಣ ಹಿಂದಿನ ಕೈಗಡದ್ದು' ಎಂದರು. ಹಿಂದಿನ ಕೈಗಡದ ಮಾತು ಫಿರ್ಯಾದಿನಲ್ಲಿಲ್ಲ, ನೋಟಿಸಿನಲ್ಲಿಲ್ಲ, ಪ್ರಮಾಣಪತ್ರದಲ್ಲಿಲ್ಲ. ಜನವರಿ 2021ರ ಒಂದು ಸಂದೇಶವನ್ನು ಮಾನ್ಯ ನ್ಯಾಯಾಲಯ ಗಮನಿಸಬೇಕು. ಆರೋಪಿ: 'ಅಣ್ಣಾರ, ಚೀಟಿ ಮುಗೀತು, ನನ್ನ ಚೆಕ್ ಕೊಡ್ರಿ.' ಫಿರ್ಯಾದಿ: 'ತಿಜೋರಿಯೊಳಗ ಅದಾವು, ಬಂದಾಗ ಕೊಡ್ತೇನಿ.' ಈ ಸಂದೇಶ ತಮ್ಮ ನಂಬರಿನಿಂದಲೇ ಹೋಗಿದೆ ಎಂದು ಪಿ.ಡಬ್ಲ್ಯೂ.1 ಒಪ್ಪಿದ್ದಾರೆ. ಫೆಬ್ರುವರಿ 2022ರ ಸಾಲಕ್ಕೆ ಆಗಸ್ಟ್ 2022ರಲ್ಲಿ ಚೆಕ್ ಪಡೆದೆ ಎನ್ನುವವರ ತಿಜೋರಿಯಲ್ಲಿ ಆರೋಪಿಯ ಚೆಕ್ಕುಗಳು 2021ರ ಜನವರಿಯಲ್ಲೇ ಇದ್ದವು. ಹಾಗಿದ್ದರೆ ಆರೋಪಿ 'ಸ್ಟಾಪ್ ಪೇಮೆಂಟ್' ಏಕೆ ಮಾಡಿಸಲಿಲ್ಲ ಎಂಬ ಫಿರ್ಯಾದಿಯ ವಾದಕ್ಕೂ ಉತ್ತರ ಇಲ್ಲಿಯೇ ಇದೆ: ಕೊಡುತ್ತೇನೆ ಎಂದವರನ್ನು ಆರೋಪಿ ನಂಬಿದರು.

5. ಚೆಕ್ಕಿನ ನಂಬರೂ ಇದನ್ನೇ ಹೇಳುತ್ತದೆ. ನಿ.ಪಿ.1ರ ನಂಬರು 412607. ಅದೇ ಪುಸ್ತಕದ 412608 ನಂಬರಿನ ಹಾಳೆ 03-07-2019ರಂದೇ ಪಾಸಾಗಿದೆ. ಕೊನೆಯ ಹಾಳೆ 412625 ನವೆಂಬರ್ 2020ರಲ್ಲಿ. ಹೊಸ ಚೆಕ್ ಪುಸ್ತಕ ಬಂದದ್ದು ಜನವರಿ 2021ರಲ್ಲಿ, ಆಮೇಲಿನ ಚೆಕ್ಕುಗಳೆಲ್ಲ ಅದರವೇ. ಹಳೆಯ ಪುಸ್ತಕದ ಒಂದು ಹಾಳೆಯನ್ನು ಯಾರಾದರೂ ಮೂರು ವರ್ಷ ತೆಗೆದಿಟ್ಟುಕೊಂಡಿರಬಹುದು, ಅದು ಅಸಾಧ್ಯವಲ್ಲ. ಆದರೆ ತಿಜೋರಿಯ ಸಂದೇಶದ ಜೊತೆ ಇಟ್ಟು ನೋಡಿದರೆ ಯಾವುದು ಹೆಚ್ಚು ಸಂಭಾವ್ಯ ಎಂಬುದು ಸ್ಪಷ್ಟ. ಚೆಕ್ಕಿನ ಹೆಸರು, ಮೊತ್ತ, ತಾರೀಖನ್ನು ಬರೆದವರು ಯಾರು ಎಂಬ ಪ್ರಶ್ನೆಗೆ ಪಿ.ಡಬ್ಲ್ಯೂ.1 'ಗೊತ್ತಿಲ್ಲ' ಎಂದಿದ್ದಾರೆ. ತಮ್ಮ ಎದುರಿಗೇ ಬರೆದುಕೊಟ್ಟರು ಎಂದು ಮುಖ್ಯ ವಿಚಾರಣೆಯಲ್ಲಿ ಪ್ರಮಾಣ ಮಾಡಿದವರೂ ಅವರೇ.

6. ಇನ್ನು ಹಣ ಎಲ್ಲಿಂದ ಬಂತು? ಫಿರ್ಯಾದಿಯ ಸಂಬಳ ತಿಂಗಳಿಗೆ 22,000 ರೂಪಾಯಿ. ಮನೆಯಲ್ಲಿ ಕೂಡಿಟ್ಟ 3.5 ಲಕ್ಷ ಮತ್ತು ಭಾವಮೈದುನ ಕೊಟ್ಟ 2.5 ಲಕ್ಷ ಸೇರಿಸಿ ಕೊಟ್ಟೆ ಎನ್ನುತ್ತಾರೆ. ಭಾವಮೈದುನನನ್ನು ಸಾಕ್ಷಿಯಾಗಿ ಕರೆಸಲಿಲ್ಲ. ಆರೋಪಿಯ ಅರ್ಜಿಯ ಮೇಲೆ ತರಿಸಿದ ಫಿರ್ಯಾದಿಯ ಸ್ವಂತ ಖಾತೆಯ ಲೆಕ್ಕ ನಿ.ಡಿ.4 ಆಗಿದೆ. 10-02-2022ರಂದು ಅದರಲ್ಲಿದ್ದ ಬಾಕಿ 14,260 ರೂಪಾಯಿ. ಅದಕ್ಕಿಂತ ಮುಖ್ಯವಾದದ್ದು, 17-01-2022ರಂದು ಅವರು ಬಂಗಾರ ಅಡವಿಟ್ಟು 80,000 ರೂಪಾಯಿ ಸಾಲ ಪಡೆದಿದ್ದಾರೆ. ಮನೆಯಲ್ಲಿ ಮೂರೂವರೆ ಲಕ್ಷ ನಗದು ಇದ್ದವರು ಬಡ್ಡಿ ಕಟ್ಟಿ ಬಂಗಾರ ಅಡವಿಡುತ್ತಾರೆಯೇ? ಇಟ್ಟ ಮೂರೇ ವಾರಕ್ಕೆ ಒಂದು ಕಾಗದವೂ ಇಲ್ಲದೆ, ಬಡ್ಡಿಯೂ ಇಲ್ಲದೆ ಆರು ಲಕ್ಷ ಕೊಡುತ್ತಾರೆಯೇ?

7. ಹಣಕಾಸು ಸಾಮರ್ಥ್ಯವನ್ನು ಫಿರ್ಯಾದಿ ಮೊದಲೇ ರುಜುವಾತು ಮಾಡಬೇಕಿಲ್ಲ, ಉತ್ತರ ನೋಟಿಸಿನಲ್ಲಿ ಪ್ರಶ್ನಿಸಿದ್ದರೆ ಮಾತು ಬೇರೆ ಎಂದು ತೇಧಿ ಸಿಂಗ್ ವಿರುದ್ಧ ನಾರಾಯಣ ದಾಸ್ ಮಹಂತ್ (2022) 6 ಎಸ್‌ಸಿಸಿ 735ರಲ್ಲಿ ಹೇಳಿದೆ. ಇಲ್ಲಿ ಹಾಗೆ ಪ್ರಶ್ನಿಸಲಾಗಿದೆ. 08-09-2022ರಂದು ನೋಟಿಸು ತಲುಪಿದ ಮೇಲೆ 19-09-2022ರಂದೇ ಆರೋಪಿ ಉತ್ತರ ಕೊಟ್ಟು ಚೀಟಿಯ ವಿಷಯ, ಭದ್ರತೆಯ ಚೆಕ್ ಮತ್ತು ಫಿರ್ಯಾದಿಯ ಸಾಮರ್ಥ್ಯ ಮೂರನ್ನೂ ಎತ್ತಿದ್ದಾರೆ (ನಿ.ಡಿ.1, ಅಂಚೆ ಸ್ವೀಕೃತಿ ಸಹಿತ). ಫಿರ್ಯಾದಿನಲ್ಲಿ ಮಾತ್ರ 'ಆರೋಪಿ ಯಾವ ಉತ್ತರವನ್ನೂ ಕೊಡಲಿಲ್ಲ' ಎಂದು ಬರೆಯಲಾಗಿದೆ. ಸ್ವೀಕೃತಿಯ ಮೇಲಿನ ಸಹಿ ತಮ್ಮದೆಂದು ಪಿ.ಡಬ್ಲ್ಯೂ.1 ಈಗ ಒಪ್ಪಿದ್ದಾರೆ. ಹೀಗೆ ಪ್ರಶ್ನೆ ಎದ್ದ ಮೇಲೆ ವಿವರಿಸುವ ಹೊಣೆ ಫಿರ್ಯಾದಿಯದಾಗುತ್ತದೆ ಎಂದು ಬಸಲಿಂಗಪ್ಪ ವಿರುದ್ಧ ಮುದಿಬಸಪ್ಪ (2019) 5 ಎಸ್‌ಸಿಸಿ 418ರಲ್ಲಿ ತೀರ್ಮಾನವಾಗಿದೆ. ನಮ್ಮ ರಾಜ್ಯದಿಂದಲೇ ಹೋದ ಆ ಪ್ರಕರಣದಲ್ಲೂ ವಿವಾದ 6 ಲಕ್ಷ ರೂಪಾಯಿ ಕೈಗಡದ್ದೇ. ವಿಚಾರಣಾ ನ್ಯಾಯಾಲಯದ ಬಿಡುಗಡೆ ಆದೇಶವನ್ನು ಸರ್ವೋಚ್ಚ ನ್ಯಾಯಾಲಯ ಮರುಸ್ಥಾಪಿಸಿತು.

8. 20,000 ರೂಪಾಯಿ ಮೀರಿದ ನಗದು ಸಾಲ ಆದಾಯ ತೆರಿಗೆ ಕಾಯ್ದೆಯ ಕಲಂ 269ಎಸ್‌ಎಸ್‌ಗೆ ವಿರುದ್ಧ ಎಂಬ ಕಾರಣಕ್ಕೇ ಸಾಲ ವಸೂಲಿಗೆ ಅನರ್ಹ ಎಂಬ ವಾದವನ್ನು ಆರೋಪಿ ಮಂಡಿಸುವುದಿಲ್ಲ. ಸಂಜಾಬಿಜ್ ತಾರಿ ವಿರುದ್ಧ ಕಿಶೋರ್ ಬೋರ್ಕರ್ (2025) ತೀರ್ಪಿನ ನಂತರ ಆ ವಾದ ನಿಲ್ಲದು. ಬರೀ ಬಾಯಿಮಾತಿನಲ್ಲಿ ಸಾಮರ್ಥ್ಯ ಅಲ್ಲಗಳೆದರೆ ಸಾಲದು ಎಂಬುದೂ ಸರಿಯೇ. ಇಲ್ಲಿರುವುದು ಬಾಯಿಮಾತಲ್ಲ: ಫಿರ್ಯಾದಿಯ ಖಾತೆ, ಫಿರ್ಯಾದಿಯ ಸಂದೇಶ, ಫಿರ್ಯಾದಿಯ ಸಹಿ.

9. ಚೀಟಿಯ ಬಾಕಿ ಎಂದಾದರೂ ಚೆಕ್ಕನ್ನು ಸಮರ್ಥಿಸಬಹುದೇ ಎಂದರೆ, ಅದು ಫಿರ್ಯಾದಿಯ ಪ್ರಕರಣವೇ ಅಲ್ಲ. 2 ಲಕ್ಷದ ಚೀಟಿಯಲ್ಲಿ 6 ಲಕ್ಷ ಬಾಕಿ ಉಳಿಯುವ ಲೆಕ್ಕವೂ ಇಲ್ಲ. ಪೂರ್ವಭಾವನೆ ಹೀಗೆ ಖಂಡಿತವಾದ ಮೇಲೆ ಸಾಲವನ್ನು ಸ್ವತಂತ್ರವಾಗಿ ರುಜುವಾತು ಮಾಡಬೇಕಾದವರು ಫಿರ್ಯಾದಿ. ತಮ್ಮ ಒಬ್ಬರ ಸಾಕ್ಷ್ಯ ಬಿಟ್ಟರೆ ಅವರು ಬೇರೇನನ್ನೂ ತಂದಿಲ್ಲ.

ಪ್ರಾರ್ಥನೆ

ಆದ್ದರಿಂದ ಆರೋಪಿಯನ್ನು ದಂಡ ಪ್ರಕ್ರಿಯಾ ಸಂಹಿತೆಯ ಕಲಂ 255(1)ರ ಮೇರೆಗೆ ಕಲಂ 138ರ ಅಪರಾಧದಿಂದ ಬಿಡುಗಡೆ ಮಾಡಿ, ಜಾಮೀನು ಮುಚ್ಚಳಿಕೆ ರದ್ದುಪಡಿಸಿ ಆದೇಶಿಸಬೇಕೆಂದು ವಿನಂತಿ.

ಸ್ಥಳ: ರಾಣೆಬೆನ್ನೂರು
ದಿನಾಂಕ: 11-12-2025
ಆರೋಪಿಯ ಪರ ವಕೀಲರು